ಹೊರೆ ಹೊತ್ತು ನಡೆಯುವವರು

ಕೊಪ್ಪದ ಸೀಮೆಯಲ್ಲಿ ನಾನು ಹುಡುಗನಾಗಿದ್ದಾಗ, ನೆರೆಮನೆಯ ಹುಡುಗನೊಬ್ಬನ ಹಿಮ್ಮಡಿಗೆ ನಾಯಿ ಕಚ್ಚಿತು. ಅಡಕೆ ತೋಟದ ಅಂಚಿನಲ್ಲಿ ಎಲ್ಲಿಂದಲೋ ಬಂದ ನಾಯಿ. ಕಚ್ಚಿ ಓಡಿದ್ದು ಮತ್ತೆ ಕಾಣಿಸಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಅಜ್ಜ ಗಾಯವನ್ನು ನೋಡಿ, “ಕಾಲಿಗಲ್ಲವೇನೋ ಮಾರಾಯ ಕಚ್ಚಿದ್ದು? ಮುಖಕ್ಕಾಗಿದ್ದರೆ ಹೆದರಬೇಕಿತ್ತು. ಕಾಲಿನಿಂದ ತಲೆಗೇರುವುದಕ್ಕೆ ಬೇಕಾದಷ್ಟು ದಿನ ಹಿಡಿಯುತ್ತದೆ” ಎಂದರು. ಹುಡುಗನ ಸೋದರಮಾವ ಆ ಮಾತಿಗೆ ಎದುರಾಡಲಿಲ್ಲ. ಆದರೆ ಗಾಯವನ್ನು ಸೋಪುನೀರಿನಲ್ಲಿ ಚೆನ್ನಾಗಿ ತೊಳೆಸಿ, ಮಧ್ಯಾಹ್ನದ ಬಸ್ಸಿಗೇ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುಮದ್ದುಗಳು. ಪ್ರತಿದಿನವೂ ಅವನು ಹೊಟ್ಟೆ ಹಿಡಿದುಕೊಂಡು ಹಿಂದಿರುಗುವುದನ್ನು ನಾವು ಬೇಲಿಯಾಚೆಯಿಂದ ನೋಡುತ್ತಿದ್ದೆವು.

ಅಜ್ಜನ ಮಾತು ಸರಿಯೋ, ಮಾವನ ಅವಸರ ಸರಿಯೋ? ಈ ಪ್ರಶ್ನೆ ನನ್ನ ತಲೆಯಲ್ಲಿ ಬಹುಕಾಲ ಉಳಿದಿತ್ತು. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಇನ್ನೊಂದನ್ನು ತಿಳಿಯಬೇಕು. ಹಿಮ್ಮಡಿಯಿಂದ ತಲೆಯ ಕಡೆಗೆ ಒಂದು ದಾರಿಯಿದೆಯೆನ್ನುತ್ತಾರೆ. ಆ ದಾರಿಯಲ್ಲಿ ನಡೆಯುವವರು ಯಾರು? ವಿಷವೇ ತಾನಾಗಿ ಏರುತ್ತದೆಯೆ, ಅಥವಾ ಅದನ್ನು ಹೊತ್ತು ಒಯ್ಯುವವರು ಇದ್ದಾರೆಯೆ? ಇದ್ದಾರೆ, ಅವರನ್ನು ಮನುಷ್ಯ ಕಂಡುಹಿಡಿದ ಕಥೆಯೇ ಈ ಲೇಖನದ ವಿಷಯ. ನಾನು ಕನ್ನಡ ಪಾಠ ಹೇಳುವವನು, ವಿಜ್ಞಾನಿಯಲ್ಲ. ಆದರೆ ಈ ಕಥೆಯ ಒಂದು ಒಳ್ಳೆಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟಿತೆಂದು ತಿಳಿದಮೇಲೆ ಅದನ್ನು ಓದದೆ ಇರಲಾಗಲಿಲ್ಲ.

ನಮ್ಮ ದೇಹದ ಬಹುಪಾಲು ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ನರಕೋಶವೊಂದೇ ವಿಚಿತ್ರ. ಪಾದದ ಸ್ನಾಯುವನ್ನು ಆಡಿಸುವ ನರಕೋಶದ ಒಡಲು ಸೊಂಟದ ಹತ್ತಿರ ಬೆನ್ನುಹುರಿಯಲ್ಲಿದೆ. ಅದರಿಂದ ಹೊರಟ ಒಂದೇ ಒಂದು ತಂತು ತೊಡೆ, ಮೊಣಕಾಲು, ಮೀನಖಂಡಗಳನ್ನು ದಾಟಿ ಪಾದದವರೆಗೆ ಇಳಿಯುತ್ತದೆ. ಎತ್ತರದ ಮನುಷ್ಯನಲ್ಲಿ ಇದರ ಉದ್ದ ಸುಮಾರು ಒಂದು ಮೀಟರು. ದಪ್ಪವಾದರೋ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ. ತಂತುವಿನ ತುದಿಯಲ್ಲಿ ಸಂದೇಶವನ್ನು ಸ್ನಾಯುವಿಗೆ ದಾಟಿಸುವ ದ್ರವ್ಯ ತುಂಬಿದ ಪುಟ್ಟಪುಟ್ಟ ಚೀಲಗಳಿರುತ್ತವೆ. ಆ ಚೀಲಗಳಿಗೆ ಬೇಕಾದ ಪ್ರೋಟೀನುಗಳು ಸಿದ್ಧವಾಗುವುದು ಮಾತ್ರ, ಬಹುಮಟ್ಟಿಗೆ, ಮೇಲಿನ ಒಡಲಿನಲ್ಲಿ. ಅಡುಗೆಮನೆ ಸೊಂಟದಲ್ಲಿ, ಊಟದ ಪಂಕ್ತಿ ಪಾದದಲ್ಲಿ ಎಂದಂತಾಯಿತು.

ಚೀಲಗಳು ದ್ರವದಲ್ಲಿ ತೇಲುತ್ತ ತಾವಾಗಿಯೇ ಹರಡಿಕೊಳ್ಳಬಾರದೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಅತ್ತಿತ್ತ ಅಲೆಯುವ ಕಣಕ್ಕೆ ಎರಡರಷ್ಟು ದೂರ ಹೋಗಲು ನಾಲ್ಕರಷ್ಟು ಕಾಲ ಬೇಕು. ಹತ್ತರಷ್ಟು ದೂರಕ್ಕೆ ನೂರರಷ್ಟು. ಆದ್ದರಿಂದ ಸಾಧಾರಣ ಜೀವಕೋಶದ ಅಗಲವನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಬಲ್ಲ ಇಂಥ ಚೀಲಕ್ಕೆ, ನೀರಿನಷ್ಟು ತೆಳುವಾದ ದ್ರವದಲ್ಲಿಯೇ, ಒಂದು ಮೀಟರನ್ನು ಕ್ರಮಿಸಲು ಸುಮಾರು ಒಂದು ಸಾವಿರ ವರ್ಷ ಹಿಡಿಯುತ್ತದೆ. ಜೀವಕೋಶದ ಒಳಗಿನ ದ್ರವವೋ ನೀರಿಗಿಂತ ಗಟ್ಟಿ, ಕಿಕ್ಕಿರಿದದ್ದು. ಹೊಯ್ಸಳರ ಕಾಲದಲ್ಲಿ ಸೊಂಟದಿಂದ ಹೊರಟ ಚೀಲ ಇಂದಿಗೂ ಪಾದ ಮುಟ್ಟುತ್ತಿರಲಿಲ್ಲ. ತೇಲುವಿಕೆಯಿಂದ ನಡೆಯುವ ಕೆಲಸ ಇದಲ್ಲ.

ಹಾಗಾದರೆ ಒಡಲಿನಿಂದ ತುದಿಯ ಕಡೆಗೆ ಏನೋ ಹರಿದುಹೋಗುತ್ತಿರಬೇಕು. ಇದನ್ನು ಕಣ್ಣಿಗೆ ಕಾಣುವಂತೆ ಮೊದಲು ತೋರಿಸಿದವರು ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ. 1948ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಬಹು ಸರಳವಾದದ್ದು. ಪ್ರಾಣಿಯ ನರಕ್ಕೆ ಒಂದು ಬಿಗಿಯಾದ ಪಟ್ಟಿ ತೊಡಿಸಿದರು. ವಾರಗಳು ಕಳೆದಮೇಲೆ ನೋಡಿದರೆ, ಪಟ್ಟಿಯ ಮೇಲ್ಗಡೆಯಲ್ಲಿ, ಅಂದರೆ ಒಡಲಿನ ಕಡೆಯಲ್ಲಿ, ನರತಂತುಗಳು ಊದಿಕೊಂಡಿದ್ದವು, ಕೆಳಗಡೆಯಲ್ಲಿ ಸೊರಗಿದ್ದವು. ಗದ್ದೆಯ ಕಾಲುವೆಗೆ ಮಣ್ಣಿನ ಕಟ್ಟೆ ಹಾಕಿದರೆ ಮೇಲೆ ನೀರು ನಿಂತು ಕೆಳಗೆ ಒಣಗುವಂತೆಯೇ ಸರಿ. ಪಟ್ಟಿ ಬಿಚ್ಚಿದಾಗ, ಕಟ್ಟಿ ನಿಂತಿದ್ದ ದ್ರವ್ಯ ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ಕೆಳಗೆ ಸರಿಯಿತು. ವೈಸ್ ಇದನ್ನು ಪ್ರವಾಹವೆಂದೇ ಕರೆದರು: ತಂತುವಿನೊಳಗಿನ ಸಮಸ್ತವೂ ಒಟ್ಟಾಗಿ ಮೆಲ್ಲಗೆ ಇಳಿಯುತ್ತಿದೆ.

ಕಟ್ಟೆಯ ಸಾಕ್ಷ್ಯ ನಿಜ. ಪ್ರವಾಹವೆಂಬ ತೀರ್ಮಾನ ಮಾತ್ರ ಅರ್ಧ ಸತ್ಯ. ದಿನಕ್ಕೊಂದು ಮಿಲಿಮೀಟರಾದರೆ ಸೊಂಟದಿಂದ ಪಾದಕ್ಕೆ ಮೂರು ವರ್ಷ ಬೇಕಾಗುತ್ತದೆ. ಮುಂದೆ ಸಿಡ್ನಿ ಆಕ್ಸ್ ಮೊದಲಾದವರು ಇನ್ನೊಂದು ಉಪಾಯ ಹೂಡಿದರು. ಬೆನ್ನುಹುರಿಯ ಪಕ್ಕದ ನರಕೋಶಗಳ ಒಡಲಿಗೆ ವಿಕಿರಣದ ಗುರುತು ಹಚ್ಚಿದ ಅಮೈನೋ ಆಮ್ಲವನ್ನು ಚುಚ್ಚಿದರು. ಕೋಶ ಅದನ್ನು ಬಳಸಿ ಹೊಸ ಪ್ರೋಟೀನು ಮಾಡಿ ಕೆಳಗೆ ಕಳುಹಿಸುತ್ತದೆ. ಗಂಟೆಗಳ ನಂತರ ನರವನ್ನು ತುಂಡುತುಂಡಾಗಿ ಕತ್ತರಿಸಿ, ಗುರುತು ಯಾವ ತುಂಡಿನವರೆಗೆ ಬಂದಿದೆಯೆಂದು ಅಳೆದರು. ಗುರುತಿನ ಮುಂಚೂಣಿ ದಿನಕ್ಕೆ ಸುಮಾರು 400 ಮಿಲಿಮೀಟರು ಓಡಿತ್ತು! ಈ ವೇಗದಲ್ಲಿ ಪಾದ ಎರಡೂವರೆ ದಿನದ ದಾರಿ. ಇನ್ನೂ ಒಂದು ಸಂಗತಿ ಹೊರಬಿತ್ತು. ನರಕ್ಕೆ ಆಮ್ಲಜನಕವನ್ನು ತಡೆದರೆ ಅರ್ಧ ಗಂಟೆಯೊಳಗೆ ಈ ಓಟ ನಿಂತುಬಿಡುತ್ತಿತ್ತು. ಇಳಿಜಾರಿನಲ್ಲಿ ಹರಿಯುವ ನೀರಿಗೆ ಉಸಿರು ಬೇಡ. ಉಸಿರು ಕಟ್ಟಿದರೆ ನಿಲ್ಲುವವನು ದುಡಿಯುವವನು. ಅಂದರೆ ಇದು ಹರಿವಲ್ಲ, ಹೊರುವಿಕೆ.

ಹಿಂದಿನ ಮೈಸೂರು ಸೀಮೆಯ ಅಂಚೆಯನ್ನು ಇಲ್ಲಿ ನೆನೆಯಬಹುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಪ್ರಾರಂಭವಾಗಿ, 1889ರಲ್ಲಿ ಬ್ರಿಟಿಷರ ಟಪ್ಪಾಲಿನಲ್ಲಿ ಸೇರಿಹೋದ ಆ ಅಂಚೆಯ ಚೀಲಗಳನ್ನು ಮನುಷ್ಯರೇ ಹೊತ್ತು ಓಡುತ್ತಿದ್ದರು. ಒಬ್ಬನೇ ಆದ್ಯಂತ ಓಡುತ್ತಿರಲಿಲ್ಲ. ಒಂದು ಗಡಿಯವರೆಗೆ ಒಬ್ಬ, ಅಲ್ಲಿಂದ ಮುಂದೆ ಇನ್ನೊಬ್ಬ. ಚೀಲ ಅದೇ, ಕಾಲುಗಳು ಬೇರೆ. ನರದೊಳಗಿನ ವ್ಯವಸ್ಥೆ ಇದಕ್ಕೆ ಎಷ್ಟು ಹತ್ತಿರವಾದುದೆಂಬುದನ್ನು ಮುಂದೆ ನೋಡೋಣ.

ಹೊರುವವರನ್ನು ಕಣ್ಣಾರೆ ಕಾಣಲು ಒಂದು ಸಮುದ್ರಜೀವಿಯ ಸಹಾಯ ಬೇಕಾಯಿತು. ಸ್ಕ್ವಿಡ್ ಎಂಬ ಆ ಪ್ರಾಣಿಯ ಮೈಯಲ್ಲಿ ಅರ್ಧ ಮಿಲಿಮೀಟರಿಗೂ ಮಿಕ್ಕಿ ದಪ್ಪನಾಗಿ ಬೆಳೆಯುವ ನರತಂತುವಿದೆ. 1982ರಲ್ಲಿ ರಾಬರ್ಟ್ ಆಲನ್, ಸ್ಕಾಟ್ ಬ್ರೇಡಿ, ರೇಮಂಡ್ ಲಸೆಕ್ ಮೊದಲಾದವರು ಸೂಕ್ಷ್ಮದರ್ಶಕಕ್ಕೆ ವಿಡಿಯೋ ಕ್ಯಾಮರಾ ಜೋಡಿಸಿ ಈ ತಂತುವನ್ನು ನೋಡಿದಾಗ, ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ ಅಸಂಖ್ಯ ಚೀಲಗಳು ಎರಡು ದಿಕ್ಕಿಗೂ ಸಂತೆಯ ಜನದಂತೆ ಓಡಾಡುತ್ತಿದ್ದುದು ಕಂಡಿತು. ಅಷ್ಟಕ್ಕೇ ಬಿಡದೆ, ಪೇಸ್ಟಿನ ಟ್ಯೂಬನ್ನು ಹಿಂಡುವಂತೆ ತಂತುವಿನ ಒಳತಿರುಳನ್ನು ಗಾಜಿನ ಮೇಲೆ ಹಿಂಡಿ ತೆಗೆದರು. ಹೊರಚರ್ಮವಿಲ್ಲ, ಕೋಶದ ಒಡಲಿಲ್ಲ. ಆದರೂ ಓಡಾಟ ಗಂಟೆಗಟ್ಟಲೆ ನಡೆದೇ ಇತ್ತು. ತಿರುಳಿನಿಂದ ಹೊರಬಂದ ಒಂಟಿ ಎಳೆಗಳ ಮೇಲೂ ಚೀಲಗಳು ಜಾರದೆ ನಡೆದವು. ಆ ಎಳೆಗಳೇ ಸೂಕ್ಷ್ಮನಾಳಗಳು. ಒಂದೊಂದರ ದಪ್ಪ 25 ನ್ಯಾನೋಮೀಟರು. ನಲವತ್ತು ಸಾವಿರ ನಾಳಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದು ಮಿಲಿಮೀಟರಾದೀತು.

ದಾರಿ ಸಿಕ್ಕಿತು, ನಡೆಯುವವನು ಸಿಗಬೇಕಿತ್ತು. ಅವನನ್ನು ಹಿಡಿದದ್ದು ಒಂದು ಸೊಗಸಾದ ಮೋಸದಿಂದ. ಜೀವಕೋಶದ ದುಡಿಮೆಗೆಲ್ಲ ಎಟಿಪಿ ಎಂಬ ದ್ರವ್ಯ ಕೂಲಿಯ ನಾಣ್ಯವಿದ್ದಂತೆ. ಅದನ್ನು ಮುರಿದಾಗ ಶಕ್ತಿ ಹೊರಬರುತ್ತದೆ. ಲಸೆಕ್ ಮತ್ತು ಬ್ರೇಡಿ, ನೋಡಲು ಎಟಿಪಿಯಂತೆಯೇ ಇದ್ದು ಮುರಿಯಲಾಗದ ಒಂದು ಖೋಟಾ ನಾಣ್ಯವನ್ನು ತಿರುಳಿಗೆ ಹಾಕಿದರು. ಓಡುತ್ತಿದ್ದ ಚೀಲಗಳು ಇದ್ದಲ್ಲಿಯೇ ನಾಳಕ್ಕೆ ಅಂಟಿಕೊಂಡು ನಿಂತುಬಿಟ್ಟವು. ಕಾಲು ನೆಲ ಬಿಡಲಾರದೆ ನಿಂತ ಹೊರೆಯಾಳಿನ ಹಾಗೆ! ಈ ಅಂಟನ್ನೇ ಉಪಯೋಗಿಸಿಕೊಂಡು, 1985ರಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್, ಮೈಕೇಲ್ ಶೀಟ್ಜ್ ಎಂಬವರು ಅಮೆರಿಕದ ವುಡ್ಸ್ ಹೋಲಿನಲ್ಲಿ ನಾಳಗಳನ್ನು ಅಂಟಿಕೊಂಡ ಪ್ರೋಟೀನಿನ ಸಹಿತ ಬೇರ್ಪಡಿಸಿದರು. ಆಮೇಲೆ ನಿಜವಾದ ಎಟಿಪಿಯನ್ನು ಕೊಟ್ಟಾಗ ಆ ಪ್ರೋಟೀನು ನಾಳವನ್ನು ಬಿಟ್ಟು ದ್ರವಕ್ಕೆ ಬಂದಿತು. ಅದನ್ನು ಶುದ್ಧಿಮಾಡಿ, ಪ್ಲಾಸ್ಟಿಕ್ ಮಣಿಗಳಿಗೆ ಸವರಿ ನಾಳದ ಮೇಲಿಟ್ಟರೆ, ನಿರ್ಜೀವವಾದ ಮಣಿಗಳೂ ನಡೆದವು. ಚಲನೆ ಎಂಬರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಕೈನೆಸಿನ್ ಎಂದು ಹೆಸರಾಯಿತು.

ಮಣಿಗಳು ನಡೆದದ್ದು ಒಂದೇ ದಿಕ್ಕಿಗೆ. ಇದೇ ಇಲ್ಲಿಯ ಮರ್ಮ. ಕೊಪ್ಪದ ಪೇಟೆಯಿಂದ ಒಂದು ದಾರಿ ಶೃಂಗೇರಿಗೆ, ಇನ್ನೊಂದು ನರಸಿಂಹರಾಜಪುರಕ್ಕೆ ಹೋಗುತ್ತದೆ. ಆಷಾಢದ ಮಂಜಿನಲ್ಲಿ ಮುಂದಿನ ಮರವೂ ಕಾಣದ ಹೊತ್ತಿನಲ್ಲಿ, ಆ ದಾರಿಗಳನ್ನು ಬಲ್ಲವನಿಗೆ ತಾನು ಎತ್ತ ಹೊರಟಿದ್ದೇನೆಂಬುದನ್ನು ಕಾಲಡಿಯ ಏರು ಇಳಿವುಗಳೇ ಹೇಳುತ್ತವೆ. ಸೂಕ್ಷ್ಮನಾಳವೂ ಹಾಗೆಯೇ. ಅದು 8 ನ್ಯಾನೋಮೀಟರು ಉದ್ದದ ಇಟ್ಟಿಗೆಗಳಿಂದ ಕಟ್ಟಿದ್ದು, ಎಲ್ಲ ಇಟ್ಟಿಗೆಗಳ ಮುಖವೂ ಒಂದೇ ಕಡೆಗೆ. ಹೀಗಾಗಿ ನಾಳಕ್ಕೆ ಒಂದು ತಲೆ, ಒಂದು ಬುಡ ಎಂಬ ಭೇದವಿದೆ. ನರತಂತುವಿನಲ್ಲಿ ಎಲ್ಲ ನಾಳಗಳ ತಲೆಯೂ ದೂರದ ತುದಿಯ ಕಡೆಗಿರುತ್ತದೆ. ಕೈನೆಸಿನ್ ತಲೆಯ ಕಡೆಗೆ ಮಾತ್ರ ನಡೆಯುತ್ತದೆ. ಯಾರೂ ದಾರಿ ತೋರಿಸಬೇಕಾಗಿಲ್ಲ. ಇಟ್ಟಿಗೆಯ ಮುಖವನ್ನು ಪಾದವೇ ಬಲ್ಲದು.

ಪಾದವೆಂದದ್ದು ಅಲಂಕಾರಕ್ಕಲ್ಲ. ಕೈನೆಸಿನ್ನಿಗೆ ಎರಡು ಪಾದಗಳಿವೆ. ಮೇಲೆ ಉದ್ದನೆಯ ಹುರಿಯಂಥ ಒಡಲು, ಅದರ ತುದಿಯಲ್ಲಿ ಹೊರೆ ಹಿಡಿಯುವ ಭಾಗ. ಒಂದು ಪಾದ ನಾಳವನ್ನು ಕಚ್ಚಿ ಹಿಡಿದಿರುವಾಗ ಇನ್ನೊಂದು ಹಿಂದಿನಿಂದ ಮುಂದಕ್ಕೆ ಬೀಸಿ ಬೀಳುತ್ತದೆ. ಕೆರೆಲ್ ಸ್ವೊಬೊದಾ, ಸ್ಟೀವನ್ ಬ್ಲಾಕ್ ಮತ್ತು ಅವರ ಸಂಗಡಿಗರು 1993ರಲ್ಲಿ ಕೈನೆಸಿನ್ ಹೊತ್ತ ಮಣಿಯೊಂದನ್ನು ಬೆಳಕಿನ ಕಿರಣದ ಬೋನಿನಲ್ಲಿ ಹಿಡಿದು ಅದರ ಚಲನೆಯನ್ನು ಅಳೆದಾಗ, ಅದು ಜಾರದೆ, 8 ನ್ಯಾನೋಮೀಟರಿನ ಹೆಜ್ಜೆಹೆಜ್ಜೆಯಾಗಿ ಮುಂದುವರಿಯಿತು. ಇಟ್ಟಿಗೆಯ ಉದ್ದವೂ ಅಷ್ಟೇ ಎಂಬುದು ಕಾಕತಾಳೀಯವಲ್ಲ. ಒಂದು ಹೆಜ್ಜೆಗೆ ಒಂದು ಎಟಿಪಿ ಕೂಲಿ. ಸೊಂಟದಿಂದ ಪಾದಕ್ಕೆ ಒಂದು ಚೀಲ ತಲುಪಬೇಕಾದರೆ ಹನ್ನೆರಡೂವರೆ ಕೋಟಿ ಹೆಜ್ಜೆಗಳು! ಇವನ್ನೆಲ್ಲ ಒಬ್ಬನೇ ಹಾಕುವುದಿಲ್ಲ. ಒಂಟಿ ಕೈನೆಸಿನ್ ಸುಮಾರು ನೂರು ಹೆಜ್ಜೆ ನಡೆದಮೇಲೆ ನಾಳದಿಂದ ಕಳಚಿಕೊಳ್ಳುತ್ತದೆ. ಆದರೆ ಒಂದು ಚೀಲಕ್ಕೆ ಹಲವು ಆಳುಗಳು ಹೆಗಲು ಕೊಟ್ಟಿರುವುದರಿಂದ, ಒಬ್ಬ ಕಳಚಿದಾಗ ಇನ್ನೊಬ್ಬ ಹಿಡಿದಿರುತ್ತಾನೆ. ನಾಳಗಳೂ ಉದ್ದಕ್ಕೆ ಒಂದೇ ಆಗಿರದೆ ತುಂಡುತುಂಡಾಗಿ ಒಂದರ ಪಕ್ಕಕ್ಕೊಂದು ಚಾಚಿರುತ್ತವೆ. ಒಂದು ಮುಗಿಯುವಲ್ಲಿ ಪಕ್ಕದ ನಾಳಕ್ಕೆ ದಾಟಬೇಕು.

ವೈಸ್ ಕಂಡ ಆ ನಿಧಾನದ ಪ್ರವಾಹದ ಗುಟ್ಟೂ ಮುಂದೆ ಬಯಲಾಯಿತು. ನಮ್ಮ ಘಟ್ಟದ ದಾರಿಗಳಲ್ಲಿ ಹೊರೆ ಇಳಿಸಿ ದಣಿವಾರಿಸಿಕೊಳ್ಳಲು ಹೊರೆಗಲ್ಲುಗಳನ್ನು ನೆಡುತ್ತಿದ್ದರಷ್ಟೆ. ತಂತುವಿನ ಅಸ್ಥಿಪಂಜರಕ್ಕೆ ಸೇರಿದ ಎಳೆಗಳು ಕೂಡ ಇಂಥ ಆಳುಗಳ ಹೆಗಲ ಮೇಲೆಯೇ ಹೋಗುತ್ತವೆ; ನಡೆಯುವಾಗ ಬೇಗಬೇಗನೆಯೇ ನಡೆಯುತ್ತವೆ. ಆದರೆ ಕಾಲದ ಬಹುಭಾಗವನ್ನು ಅವು ಹೊರೆಗಲ್ಲಿನ ಮೇಲೆ ಕಳೆಯುತ್ತವೆ. ಸರಾಸರಿ ತೆಗೆದವನಿಗೆ ಅದು ದಿನಕ್ಕೊಂದು ಮಿಲಿಮೀಟರಿನ ಹರಿವಾಗಿ ಕಾಣಿಸಿತು.

ಇನ್ನು ಹಿಂದಿರುಗುವ ದಾರಿ. ಸ್ಕ್ವಿಡ್ ತಂತುವಿನಲ್ಲಿ ಚೀಲಗಳು ಒಡಲಿನ ಕಡೆಗೂ ಹೋಗುತ್ತಿದ್ದವಲ್ಲವೆ? ಅವನ್ನು ಹೊರುವವನು ಕೈನೆಸಿನ್ ಆಗಿರಲಾರದು. 1965ರಲ್ಲಿಯೇ ಇಯಾನ್ ಗಿಬ್ಬನ್ಸ್, ನೀರಿನ ಸೂಕ್ಷ್ಮಜೀವಿಯೊಂದರ ರೋಮಗಳನ್ನು ಬಡಿಸುವ ಪ್ರೋಟೀನಿಗೆ ಡೈನೀನ್ ಎಂದು ಹೆಸರಿಟ್ಟಿದ್ದರು. ಅದರ ಸೋದರನೇ ನರದೊಳಗೂ ಇದ್ದಾನೆಂದೂ, ಅವನು ನಾಳದ ಬುಡದ ಕಡೆಗೆ ನಡೆಯುತ್ತಾನೆಂದೂ ಬ್ರೈಸ್ ಪಾಸ್ಕಲ್ ಮತ್ತು ರಿಚರ್ಡ್ ವ್ಯಾಲೀ 1987ರಲ್ಲಿ ತೋರಿಸಿದರು. ಡೈನೀನ್ ದೊಡ್ಡ ಮೈಯವನು. ಹೆಜ್ಜೆ ಅಷ್ಟು ಕ್ರಮವಲ್ಲ, ಕೆಲವೊಮ್ಮೆ ಪಕ್ಕಕ್ಕೆ, ಹಿಂದಕ್ಕೆ ಕಾಲಿಡುವುದೂ ಉಂಟು. ತುದಿಯಲ್ಲಿ ಸವೆದ ಸಾಮಾನುಗಳನ್ನೂ ಅಲ್ಲಿಯ ಸಮಾಚಾರವನ್ನೂ ಅವನು ಒಡಲಿಗೆ ಮುಟ್ಟಿಸುತ್ತಾನೆ. ಒಂದು ತಮಾಷೆಯೆಂದರೆ ಡೈನೀನ್ ಕೂಡ ಹುಟ್ಟುವುದು ಒಡಲಿನಲ್ಲಿಯೇ. ಬುಡದ ಕಡೆಗೇ ನಡೆಯಬಲ್ಲವನು ತುದಿಗೆ ಹೋಗುವುದು ಹೇಗೆ? ಕೈನೆಸಿನ್ನಿನ ಹೆಗಲೇರಿ, ತಾನೂ ಒಂದು ಹೊರೆಯಾಗಿ ಹೋಗುತ್ತಾನೆ.

ಹಾಗಾದರೆ, ತುದಿ ಮುಟ್ಟಿ ಚೀಲ ಇಳಿಸಿದ ಕೈನೆಸಿನ್ನಿನ ಗತಿಯೇನು? ಅದೂ ಡೈನೀನಿನ ಹೆಗಲೇರಿ ಮರಳುತ್ತದೆಯೆ? ಈ ಪ್ರಶ್ನೆಯನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಂಧ್ಯಾ ಕೌಶಿಕ ಅವರ ಪ್ರಯೋಗಶಾಲೆ ಕೈಗೆತ್ತಿಕೊಂಡಿತು. ಅವರು ಆರಿಸಿಕೊಂಡ ಪ್ರಾಣಿ ಒಂದು ಮಿಲಿಮೀಟರು ಉದ್ದದ, ಮೈ ಪಾರದರ್ಶಕವಾದ, ಮಣ್ಣಿನ ಹುಳು. ಅದರ ಮೈಯಲ್ಲಿ ಇರುವುದೇ 302 ನರಕೋಶಗಳು. ಸಿಡ್ನಿ ಬ್ರೆನ್ನರ್ ಈ ಹುಳುವನ್ನು ಪ್ರಯೋಗಶಾಲೆಗೆ ತಂದವರು. ಸರಿಯಾಗಿ ಹರಿದಾಡಲಾರದ ಹುಳುಗಳ ತಳಿಗಳನ್ನು ಬೇರ್ಪಡಿಸಿ, ಅವುಗಳ ದೋಷಕ್ಕೆ ಕಾರಣವಾದ ಜೀನುಗಳಿಗೆ ಸಂಖ್ಯೆ ಕೊಟ್ಟಿದ್ದರು. ಅವುಗಳಲ್ಲಿ 104ನೆಯದು ಒಂದು ಕೈನೆಸಿನ್ನಿನ ಜೀನೆಂದು 1991ರಲ್ಲಿ ಗೊತ್ತಾಯಿತು. ತುದಿಗೆ ಹೋಗಬೇಕಾದ ಸಂದೇಶದ ಚೀಲಗಳನ್ನು ಹೊರುವವನು ಇವನೇ. ಇವನು ಕೆಟ್ಟರೆ ಚೀಲಗಳು ಒಡಲಿನಲ್ಲಿಯೇ ರಾಶಿಬೀಳುತ್ತವೆ, ತುದಿ ಬರಿದಾಗುತ್ತದೆ, ಹುಳು ಬಿದ್ದಲ್ಲಿಯೇ ಬಿದ್ದಿರುತ್ತದೆ.

2010ರಲ್ಲಿ ಜಿತೇಂದ್ರ ಕುಮಾರ್, ಕೌಶಿಕ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸ ಹೀಗಿದೆ. ಈ ಆಳಿನ ಕೈ, ಚೀಲದ ಹೊದಿಕೆಯಲ್ಲಿರುವ ಒಂದು ವಿಶೇಷ ಕೊಬ್ಬಿನ ಅಣುವನ್ನು ಗುರುತಿಸಿ ಹಿಡಿಯುತ್ತದೆ. ಒಂದು ತಳಿಯ ಹುಳುಗಳಲ್ಲಿ, ಆಳಿನ ಮೈಯ ಸಾವಿರದ ಐನೂರರಷ್ಟು ಮಣಿಗಳ ಮಾಲೆಯಲ್ಲಿ 1497ನೆಯ ಮಣಿಯೊಂದೇ ಬದಲಾಗಿತ್ತು. ಅಷ್ಟಕ್ಕೇ ಕೈಯ ಹಿಡಿತ ತಪ್ಪಿಹೋಗಿ, ಚೀಲಗಳ ಮೇಲೆ ಆಳುಗಳು ಕಾಣುವುದೇ ಅಪರೂಪವಾಯಿತು. ಹುಳುಗಳ ನಡೆ ಕುಂಟಿತು. ಇಷ್ಟು ನಿರೀಕ್ಷಿತವೇ. ಆದರೆ ಕಾಲುಗಳು ಸರಿಯಾಗಿದ್ದ, ಕೈಯೊಂದೇ ಕೆಟ್ಟಿದ್ದ ಈ ಆಳುಗಳ ಸಂಖ್ಯೆಯೇ ಹುಳುವಿನ ಮೈಯಲ್ಲಿ ಬಹಳ ಇಳಿದಿತ್ತು. ಹೊರೆಯಿಲ್ಲದ ಆಳನ್ನು ಕೋಶ ಉಳಿಸಿಕೊಳ್ಳುತ್ತಿರಲಿಲ್ಲವೆ?

ಇದು ಬರಿಯ ಊಹೆಯಾಗಿ ಉಳಿಯಬಾರದೆಂದು ಅವರು ಪರೀಕ್ಷೆಯನ್ನು ಎರಡು ಕಡೆಯಿಂದ ನಡೆಸಿದರು. ಮೊದಲನೆಯದಾಗಿ, ಆ ಕುಂಟುವ ಹುಳುಗಳ ಸಂತತಿಯಲ್ಲಿ ಅದೇ ಕೈಯಲ್ಲಿ ಇನ್ನೊಂದು ಬದಲಾವಣೆಯಾಗಿ ಹಿಡಿತ ಸ್ವಲ್ಪ ಮರಳಿದ ಎರಡು ತಳಿಗಳನ್ನು ಹುಡುಕಿ ತೆಗೆದರು. ಅವುಗಳಲ್ಲಿ ಚೀಲಗಳ ಸಾಗಾಟ ಹೆಚ್ಚಿತ್ತು, ಹುಳುಗಳ ನಡೆ ಸುಧಾರಿಸಿತ್ತು, ಆಳುಗಳ ಸಂಖ್ಯೆಯೂ ಏರಿತ್ತು. ಆ ಮರಳಿದ ಹಿಡಿತವನ್ನು ಬೇಕೆಂದೇ ಮತ್ತೆ ಕೆಡಿಸಿದಾಗ ಸಂಖ್ಯೆ ಮತ್ತೆ ಇಳಿಯಿತು. ಎರಡನೆಯದಾಗಿ, ಜೀವಕೋಶವು ತನಗೆ ಬೇಡವಾದ ಪ್ರೋಟೀನುಗಳಿಗೆ ಒಂದು ಚೀಟಿ ಅಂಟಿಸಿ ಅವನ್ನು ಪುಡಿಮಾಡಿಸುತ್ತದೆ. ಆ ಚೀಟಿ ಅಂಟಿಸುವ ಕೆಲಸವನ್ನು ತಡೆದಾಗ ಆಳುಗಳ ಸಂಖ್ಯೆ ಹೆಚ್ಚಿತು. ಆರೋಗ್ಯವಂತ ಹುಳುಗಳಲ್ಲಿಯೂ ಈ ಆಳು ತಂತುವಿನ ತುದಿಯಿಂದ ಒಡಲಿಗೆ ಮರಳುತ್ತಿರಲಿಲ್ಲ. ಆ ತುದಿಯ ಪ್ರದೇಶದಲ್ಲಿಯೇ ಅದು ಚೀಟಿ ಅಂಟಿಸಿಕೊಂಡು ಪುಡಿಯಾಗುತ್ತಿತ್ತು. ಬಹುಶಃ ಹೊರೆ ಇಳಿಸಿದ್ದೇ ಅದಕ್ಕೆ ಕರೆ ಎಂದು ಲೇಖಕರು ಸೂಚಿಸಿದರು. ಎಲ್ಲ ಕೈನೆಸಿನ್ನುಗಳ ಗತಿಯೂ ಹೀಗೆಯೇ ಎನ್ನುವಂತಿಲ್ಲ. ಬೇರೆ ಬಗೆಯ ಕೆಲವು ಹೊರೆ ಇಳಿಸಿದಮೇಲೆ ಅಲೆದು ಮತ್ತೆ ಕೆಲಸಕ್ಕೆ ಸೇರುತ್ತವೆ. ಈ ಬಗೆಯದಕ್ಕೆ ಮಾತ್ರ ದಾರಿ ಒಂದೇ ಕಡೆಯದು.

ಇಂಥ ಸಂಗತಿಗಳನ್ನು ನೋಡುವುದರಲ್ಲಿಯೇ ಒಂದು ಅಪಾಯವಿದೆಯೆಂಬುದನ್ನೂ ಇದೇ ತಂಡದವರು ತೋರಿಸಿಕೊಟ್ಟರು. ಸೂಕ್ಷ್ಮದರ್ಶಕದ ಕೆಳಗೆ ಹುಳು ಅಲುಗಾಡದೆ ಇರಬೇಕಾದರೆ ಅದಕ್ಕೆ ಮರವೆಯ ಮದ್ದು ಕೊಡುವುದು ವಾಡಿಕೆ. ಕೌಶಿಕ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮನ್ ಮೊದಲಾದವರು 2011ರಲ್ಲಿ ವಿವರಿಸಿದ ಪುಟ್ಟ ಸಾಧನದಲ್ಲಿ ಮದ್ದಿನ ಅಗತ್ಯವೇ ಇಲ್ಲ; ತೆಳುವಾದ ಮೆತ್ತನೆಯ ಪೊರೆಯೊಂದು ಎಚ್ಚರದ ಹುಳುವನ್ನೇ ಮೆಲ್ಲಗೆ ಒತ್ತಿ ಹಿಡಿಯುತ್ತದೆ. ಹೋಲಿಸಿ ನೋಡಿದಾಗ, ಕೆಲವು ಹೊರೆಗಳ ಸಾಗಾಟವನ್ನು ಮದ್ದು ತಾನೇ ಬದಲಿಸಿಬಿಟ್ಟಿತ್ತು. ಹೊರೆಯಾಳುಗಳನ್ನು ಎಣಿಸಲು ಹೋದವನು ಅವರಿಗೆ ಹೆಂಡ ಕುಡಿಸಿ ಎಣಿಸಿದ್ದ ಹಾಗಾಗಿತ್ತು!

ಹುಳುವಿನ ಈ ಆಳಿಗೆ ಮನುಷ್ಯರಲ್ಲಿ ಸರಿಜೋಡಿಯಾದವನಿದ್ದಾನೆ. ಅವನ ಜೀನಿನಲ್ಲಿ ದೋಷ ಹುಟ್ಟಿದ ಕೆಲವು ಕುಟುಂಬಗಳಲ್ಲಿ ಮಕ್ಕಳ ಕಾಲುಗಳು ಬಿಗಿದು ಸೆಟೆದುಕೊಳ್ಳುತ್ತವೆ, ನಡಿಗೆ ಕುಂಟುತ್ತದೆ. ಕೆಲವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ದೋಷ ಕಾಲಿನಲ್ಲಿ ಎದ್ದುಕಾಣುವುದು ಏಕೆಂದು ಈಗ ವಿವರಿಸಬೇಕಾಗಿಲ್ಲ. ಅತ್ಯಂತ ಉದ್ದವಾದ ದಾರಿಯಲ್ಲಿ ಅಂಚೆ ಮೊದಲು ತಪ್ಪುತ್ತದೆ.

ಈಗ ನಮ್ಮ ನೆರೆಮನೆಯ ಹುಡುಗನ ಹಿಮ್ಮಡಿಗೆ ಹಿಂದಿರುಗೋಣ. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ವೈರಸಿಗೆ ತನ್ನದೇ ಆದ ಕಾಲುಗಳಿಲ್ಲ. ಗಾಯದ ಸ್ನಾಯುವಿನಲ್ಲಿ ಅದು ನರತಂತುವಿನ ತುದಿಯನ್ನು ಅಂಟಿ, ತುದಿಯು ಸಹಜವಾಗಿ ಒಳಗೆಳೆದುಕೊಳ್ಳುವ ಪುಟ್ಟ ಚೀಲದಲ್ಲಿ ಅಡಗಿ ಕೂರುತ್ತದೆ. ಡೈನೀನಿಗೆ ಚೀಲದೊಳಗೆ ಏನಿದೆಯೆಂಬುದು ಗೊತ್ತಿಲ್ಲ; ತುದಿಯ ಸಮಾಚಾರವನ್ನು ಒಯ್ಯುವ ನಂಬಿಕೆಯ ಆಳು, ಶತ್ರುವನ್ನೂ ಅದೇ ಶ್ರದ್ಧೆಯಿಂದ ಹೊತ್ತು ಬೆನ್ನುಹುರಿಗೆ ಮುಟ್ಟಿಸುತ್ತಾನೆ. ಅಲ್ಲಿಂದ ಮಿದುಳು ದೂರವಿಲ್ಲ. ಮಿದುಳು ಮುಟ್ಟಿ ರೋಗದ ಲಕ್ಷಣ ಕಾಣಿಸಿದಮೇಲೆ ಬದುಕಿದವರು ಅತಿ ವಿರಳ.

ಅಜ್ಜನ ಮಾತಿನಲ್ಲಿ ಸತ್ಯದ ಅಂಶವಿತ್ತು. ಮುಖದ ಕಡಿತ ಹೆಚ್ಚು ಅಪಾಯಕರವಾದದ್ದು, ಅಲ್ಲಿಯ ದಾರಿ ಗಿಡ್ಡ. ಆದರೆ ಅಜ್ಜ ಅವಧಿಯನ್ನು ತಪ್ಪು ಜಾಗದಲ್ಲಿ ಹುಡುಕಿದ್ದರು. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ, ನಿಜ. ಆದರೆ ಡೈನೀನಿನ ನಡಿಗೆಗೆ ಸೊಂಟದಿಂದ ಪಾದದವರೆಗಿನ ದಾರಿ ಕೆಲವು ದಿನಗಳದ್ದು, ಹೆಚ್ಚೆಂದರೆ ಎರಡು ಮೂರು ವಾರಗಳದ್ದು. ಉಳಿದ ಕಾಲವನ್ನು ವೈರಸು ಬಹುಮಟ್ಟಿಗೆ ಗಾಯದ ಬಳಿಯ ಸ್ನಾಯುವಿನಲ್ಲಿ, ನರದ ಹೊರಗೆ, ಕಳೆಯುತ್ತದೆ. ಅದು ಯಾವ ದಿನ ಆಳಿನ ಹೆಗಲೇರುತ್ತದೆಂಬುದನ್ನು ಯಾರೂ ಮುಂದಾಗಿ ಹೇಳಲಾರರು. ಒಂದು ವಾರದಲ್ಲಿ ರೋಗ ಎದ್ದದ್ದೂ ಉಂಟು, ವರ್ಷ ಕಳೆದು ಎದ್ದದ್ದೂ ಉಂಟು. ಚುಚ್ಚುಮದ್ದು ಹುಟ್ಟಿಸುವ ರಕ್ಷಣೆ ಅದನ್ನು ಹಿಡಿಯಬೇಕಾದದ್ದು ಹೆಗಲೇರುವ ಮುಂಚೆ. ನರದೊಳಗೆ ಹೊಕ್ಕಮೇಲೆ ರಕ್ತದ ಕಾವಲುಗಾರರಿಗೆ ಅದು ಸುಲಭವಾಗಿ ಸಿಗದು. ಗಾಯವನ್ನು ಕೂಡಲೆ ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆಯಬೇಕೆಂದೂ, ತಡಮಾಡದೆ ಲಸಿಕೆಯನ್ನೂ, ಆಳವಾದ ಗಾಯವಾದರೆ ಗಾಯಕ್ಕೇ ಸಿದ್ಧ ಪ್ರತಿಕಾಯವನ್ನೂ ಕೊಡಿಸಬೇಕೆಂದೂ ವೈದ್ಯರು ಹೇಳುವುದು ಇದೇ ಕಾರಣದಿಂದ.

ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಹೊಟ್ಟೆಯ ಚುಚ್ಚುಮದ್ದು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗ ತೋಳಿಗೆ ಕೊಡುವ ನಾಲ್ಕೈದು ಚುಚ್ಚುಗಳಲ್ಲಿ ಕೆಲಸ ಮುಗಿಯುತ್ತದೆ. ನೆರೆಮನೆಯ ಹುಡುಗ ಬದುಕಿಕೊಂಡ. ಇಂದು ಅವನ ಮಗನೇ ಅದೇ ತೋಟದ ಅಂಚಿನಲ್ಲಿ ಓಡಾಡುತ್ತಾನೆ. ಹಿಂದಿನ ಬೇಸಗೆಯಲ್ಲಿ ಊರಿಗೆ ಹೋದಾಗ ಅವನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವನು ತನ್ನ ಹಿಮ್ಮಡಿಯನ್ನು ತಿರುಗಿಸಿ ನೋಡಿಕೊಂಡು, “ಹಾಗಾದರೆ ಮಾವ ಆ ದಿನದ ಬಸ್ಸು ತಪ್ಪಿಸದೆ ಇದ್ದದ್ದೇ ಒಳ್ಳೆಯದಾಯಿತು ಮಾರಾಯ” ಎಂದ.